ಗಮ್ ಹಾಕಿದ ಎಲ್ಬೋ ಮೂರನೇ ಸಲ ಕಳಚಿತು, ಎಲ್ಲಿ ತಪ್ಪಾಗುತ್ತಿದೆ?

ನಾಪೋಕ್ಲು ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನಾಪೋಕ್ಲು ಹತ್ತಿರ, ತೋಟದ ಇಳಿಜಾರಿನಲ್ಲಿದೆ. ನೀರಿನ ಟ್ಯಾಂಕ್ ಮೇಲೆ ಗುಡ್ಡದಲ್ಲಿದೆ, ಮನೆಗಿಂತ ಸುಮಾರು 120 ಅಡಿ ಎತ್ತರ ಇರಬಹುದು. ಮೋಟಾರ್ ಇಲ್ಲ. ಒರತೆ ನೀರು ಟ್ಯಾಂಕಿಗೆ ಬಿದ್ದು, ಅಲ್ಲಿಂದ ತಾನಾಗಿ ಇಳಿದು ಬರುತ್ತದೆ.

ಅಡುಗೆಮನೆಗೆ ಬರುವ ಹಳೇ ಜಿಐ ಪೈಪ್ ತುಕ್ಕು ಹಿಡಿದು ಸೋರುತ್ತಿತ್ತು. ಅದನ್ನು ಕಿತ್ತು ಪ್ಲಾಸ್ಟಿಕ್ ಹಾಕೋಣ ಅಂತ ಹೊರಟೆವು. ತೋಟದ ಕೆಲಸಕ್ಕೆ ತಂದು ಉಳಿದ ಒಂದಿಂಚಿನ ಬೂದು ಪೈಪ್ ಅಟ್ಟದಲ್ಲಿತ್ತು. ಸುಮ್ನೆ ಬಿದ್ದಿದೆ, ಅದನ್ನೇ ಹಾಕು ಅಂದರು ಮಾವ. ಅಂಗಡಿಯಿಂದ ಒಂದಿಂಚಿನ ಬಿಳಿ ಎಲ್ಬೋ, ಗಮ್ ತಂದು ನಾನೂ ನಮ್ಮ ಯಜಮಾನರೂ ಸೇರಿ ಹಾಕಿದೆವು. ಹಿಂದಿನ ಗೋಡೆಯಿಂದ ಸಿಂಕ್‌ವರೆಗೆ ಹದಿನಾಲ್ಕು ಅಡಿ ಅಷ್ಟೇ.

ಹಗಲಿಡೀ ಚೆನ್ನಾಗಿತ್ತು. ರಾತ್ರಿ ಎರಡು ಗಂಟೆಗೆ ಕೆಳಗಿನ ಎಲ್ಬೋ ಕಳಚಿಕೊಂಡಿತು. ಎದ್ದು ನೋಡಿದರೆ ಅಡುಗೆಮನೆ ತುಂಬ ನೀರು, ಅಕ್ಕಿ ಮೂಟೆ ಒದ್ದೆ. ಎರಡನೇ ಸಲ ಇನ್ನೂ ದಪ್ಪಗೆ ಗಮ್ ಹಚ್ಚಿದೆವು. ಮತ್ತೆ ರಾತ್ರಿಯೇ ಹೋಯಿತು. ಮೂರನೇ ಸಲ 100 ಮಿ.ಲೀ. ಡಬ್ಬದಲ್ಲಿ ಅರ್ಧ ಆ ಒಂದೇ ಎಲ್ಬೋಗೆ ಸುರಿದು, ಒಂದು ರಾತ್ರಿ ನೀರು ಬಿಡದೆ ಒಣಗಿಸಿದೆವು. ಮಾರನೇ ದಿನ ನೀರು ಬಿಟ್ಟೆವು. ಇವತ್ತು ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕಳಚಿತು.

ಗಮ್ ಕೆಟ್ಟಿದೆಯೋ, ಅಥವಾ ಈ ಕಕ್ಕಡದ ಮಳೆಗೆ ಯಾವ ಗಮ್ಮೂ ಹಿಡಿಯುವುದಿಲ್ಲವೋ? ತಿಳಿದವರು ಹೇಳಿ.

ಕಾಫಿ ಕಣ

ಮಳೆಗಾಲದಲ್ಲಿ ಗಮ್ ಕೆಲಸ ಮಾಡಲೇಬಾರದಮ್ಮ. ಪೈಪ್ ಮುಟ್ಟಿದರೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಮೇಲೆ ತೇವ ಇದ್ದೇ ಇರುತ್ತದೆ. ಮೊದಲು ಉಪ್ಪು ಕಾಗದದಿಂದ ಉಜ್ಜಿ. ಆಮೇಲೆ ಒಲೆ ಪಕ್ಕ ಇಟ್ಟು ಪೈಪನ್ನೂ ಎಲ್ಬೋವನ್ನೂ ಬೆಚ್ಚಗೆ ಮಾಡಿ, ಅಲ್ಲೇ ಗಮ್ ಹಚ್ಚಿ ಸೇರಿಸಿ. ಎಲ್ಬೋ ಸಡಿಲ ಅನ್ನಿಸಿದರೆ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಸ್ವಲ್ಪ ಅಗಲ ಮಾಡಿಕೊಳ್ಳಿ. ನಮ್ಮ ತೋಟದಲ್ಲಿ ನಲವತ್ತು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ.

ಪೊನ್ನಂಪೇಟೆ ಬೋರ್

ನಮ್ಮಲ್ಲೂ ಇದೇ ತೊಂದರೆ ಇತ್ತು. ಒಂದಿಂಚಿನ ಬದಲು ಒಂದೂವರೆ ಇಂಚು ಹಾಕಿ, ಪ್ರೆಷರ್ ಬರುತ್ತದೆ. ಆಮೇಲೂ ಸಾಲದಿದ್ದರೆ ಪ್ರೆಷರ್ ಪಂಪ್ ಕೂರಿಸಿ. ನಾವು ಕೂರಿಸಿದ ಮೇಲೆ ಶವರ್ ಚೆನ್ನಾಗಿ ಬರುತ್ತಿದೆ.

ನಾಪೋಕ್ಲು ತೋಟದಮನೆ

ಸರ್, ನಮ್ಮಲ್ಲಿ ಪ್ರೆಷರ್ ಕಮ್ಮಿ ಅಲ್ಲ, ಜಾಸ್ತಿಯೇ ಇದೆ. ನಲ್ಲಿ ತಿರುಗಿಸಿದರೆ ಪಾತ್ರೆ ಕೈ ತಪ್ಪುವಷ್ಟು ಬರುತ್ತದೆ.

ಕುಶಾಲನಗರ ಪೈಪ್ ಕೆಲಸ

ಅಕ್ಕ, ಗಮ್ ಬದಲಾಯಿಸುವ ಮುಂಚೆ ಮೂರು ಪ್ರಶ್ನೆ. ಬೂದು ಪೈಪಿನ ಮೇಲೆ ಉದ್ದಕ್ಕೆ ಅಚ್ಚು ಹಾಕಿರುತ್ತಾರೆ, ಅದರಲ್ಲಿ ಏನು ಬರೆದಿದೆ? ಬಿಳಿ ಎಲ್ಬೋ ಮೇಲೆ ಏನಿದೆ? ಗಮ್ ಹಚ್ಚದೆ ಸುಮ್ನೆ ಪೈಪನ್ನು ಎಲ್ಬೋ ಒಳಗೆ ತೂರಿಸಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ?

ಕಳಚಿದ ಎಲ್ಬೋ ಎಸೆಯಬೇಡಿ. ಅದರ ಒಳಗೆ ಬೆರಳು ಹಾಕಿ ನೋಡಿ, ಹೇಗಿದೆ ಹೇಳಿ.

ನಾಪೋಕ್ಲು ತೋಟದಮನೆ

ಟಾರ್ಚ್ ಹಾಕಿ ನೋಡಿದೆ. ಪೈಪಿನ ಮೇಲೆ ಐಎಸ್ 4985, 32 ಮಿ.ಮೀ., ಕ್ಲಾಸ್ 2 ಅಂತಿದೆ. ಎಲ್ಬೋ ಮೇಲೆ 25 ಮಿ.ಮೀ., 1 ಇಂಚು, ಶೆಡ್ಯೂಲ್ 80 ಅಂತಿದೆ.

ಇನ್ನೊಂದು ಹೊಸ ಎಲ್ಬೋ ಇತ್ತು. ಗಮ್ ಇಲ್ಲದೆ ತೂರಿಸಿದೆ. ಪೈಪ್ ತಡೆ ಇಲ್ಲದೆ ಕೊನೆಯವರೆಗೆ ಹೋಗಿಬಿಡುತ್ತದೆ, ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. ಎಲ್ಬೋ ಮೇಲೆತ್ತಿದರೆ ಪೈಪ್ ಅದರಷ್ಟಕ್ಕೇ ಜಾರಿ ಬೀಳುತ್ತದೆ.

ಕಳಚಿದ ಎಲ್ಬೋ ಒಳಗೆ ಗಮ್ ಒಣಗಿ ಸಿಪ್ಪೆ ಥರ ಆಗಿದೆ. ಉಗುರಿನಿಂದ ಎಬ್ಬಿಸಿದರೆ ಹಾಳೆಯಾಗಿ ಎದ್ದು ಬರುತ್ತದೆ. ಅದರ ಕೆಳಗೆ ಎಲ್ಬೋ ನುಣ್ಣಗೆ ಹೊಸದರ ಹಾಗೇ ಇದೆ. ತಿರುವಿನಲ್ಲಿ ಗಮ್ ನಿಂತು ಗಟ್ಟಿಯಾಗಿ ಅರ್ಧ ದಾರಿಯನ್ನೇ ಮುಚ್ಚಿದೆ.

ಕುಶಾಲನಗರ ಪೈಪ್ ಕೆಲಸ

ಸಿಕ್ಕಿತು. ಗಮ್ ಕೆಟ್ಟಿಲ್ಲ, ಮಳೆಯದ್ದೂ ದೊಡ್ಡ ತಪ್ಪಲ್ಲ. ನಿಮ್ಮ ಪೈಪಿನ ಒಂದಿಂಚು ಬೇರೆ, ಎಲ್ಬೋದ ಒಂದಿಂಚು ಬೇರೆ.

ತೋಟಕ್ಕೆ ಬಳಸುವ ಬೂದು ಪೈಪಿನಲ್ಲಿ ಅಂಗಡಿಯವರು ಒಂದಿಂಚು ಅಂತ ಕೊಡುವುದರ ಹೊರಮೈ ಅಳತೆ 32 ಮಿ.ಮೀ. ಮನೆ ಪ್ಲಂಬಿಂಗಿನ ಬಿಳಿ ಯುಪಿವಿಸಿ ಪೈಪ್ ಎಎಸ್‌ಟಿಎಂ ಅಳತೆಯದು, ಅದರಲ್ಲಿ ಒಂದಿಂಚು ಅಂದರೆ ಹೊರಮೈ 33.4 ಮಿ.ಮೀ. ಬಿಳಿ ಎಲ್ಬೋವನ್ನು ಆ 33.4ಕ್ಕೆ ಅಂತ ಮಾಡಿದ್ದು. ನಿಮ್ಮ ಪೈಪ್ 1.4 ಮಿ.ಮೀ. ಸಣ್ಣ. ಮುಕ್ಕಾಲಿಂಚಿನಲ್ಲೂ ಇದೇ ಕಥೆ, ತೋಟದ್ದು 25, ಮನೆಯದ್ದು 26.7. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಎಷ್ಟೋ ಜನ ಎಡವುತ್ತಾರೆ.

ಈಗ ಗಮ್ ವಿಷಯ. ಅದನ್ನು ಗಮ್ ಅಂತ ಕರೆಯುವುದರಿಂದಲೇ ಅಂಟು ಅಂದುಕೊಳ್ಳುತ್ತೇವೆ. ಅದು ಪೈಪಿನ ಮೇಲ್ಮೈಯನ್ನೂ ಎಲ್ಬೋದ ಒಳಮೈಯನ್ನೂ ಕರಗಿಸಿ ಮೆತ್ತಗೆ ಮಾಡುತ್ತದೆ. ಎರಡು ಮೆತ್ತಗಾದ ಮೈಗಳು ಒಂದನ್ನೊಂದು ಒತ್ತಿಕೊಂಡಾಗ ಬೆರೆತು ಒಂದೇ ಪ್ಲಾಸ್ಟಿಕ್ ಆಗುತ್ತವೆ. ಒಳಗಿನ ದ್ರವ ಹಾರಿಹೋದ ಮೇಲೆ ಗಟ್ಟಿ. ಸರಿಯಾಗಿ ಕೂಡಿದ ಜಾಯಿಂಟನ್ನು ಗರಗಸ ಹಾಕಿ ಸೀಳಿದರೆ ಯಾವುದು ಪೈಪ್, ಯಾವುದು ಎಲ್ಬೋ ಅಂತ ಗೆರೆ ಹುಡುಕಬೇಕಾಗುತ್ತದೆ. ಮಧ್ಯೆ ಸಂದು ಇದ್ದರೆ ಈ ಎರಡು ಮೈಗಳು ಮುಟ್ಟುವುದೇ ಇಲ್ಲ. ಸಂದಿನಲ್ಲಿ ತುಂಬಿದ ಗಮ್ ಒಣಗುವಾಗ ಕುಗ್ಗುತ್ತದೆ, ಸಿಪ್ಪೆಯಾಗುತ್ತದೆ. ನಿಮ್ಮ ಉಗುರಿಗೆ ಸಿಕ್ಕಿದ್ದು ಅದೇ.

ಅರ್ಧ ಡಬ್ಬ ಸುರಿದದ್ದರಿಂದ ಇನ್ನೂ ಕೆಟ್ಟಿತು. ಒಳಗೆ ನಿಂತ ಗಮ್ ಅಲ್ಲಿನ ಪ್ಲಾಸ್ಟಿಕನ್ನು ಬಹಳ ಹೊತ್ತು ಮೆತ್ತಗೇ ಇಡುತ್ತದೆ, ಪೈಪಿನ ಗೋಡೆಗೆ ಬಲ ಇರುವುದಿಲ್ಲ.

ರಾತ್ರಿಯೇ ಯಾಕೆ ಕಳಚುತ್ತದೆ ಅಂತ ನಿಮಗೆ ಅನ್ನಿಸಿರಬಹುದು. ಹಗಲು ಯಾರೋ ಒಬ್ಬರು ನಲ್ಲಿ ಬಿಡುತ್ತಲೇ ಇರುತ್ತಾರೆ, ನೀರು ಹರಿಯುವಾಗ ಒತ್ತಡ ಇಳಿಯುತ್ತದೆ. ರಾತ್ರಿ ಎಲ್ಲ ನಲ್ಲಿ ಬಂದ್. 120 ಅಡಿ ಅಂದರೆ ಸುಮಾರು 37 ಮೀಟರ್, ಪ್ರತಿ ಹತ್ತು ಮೀಟರಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಒಂದು ಚದರ ಸೆಂಟಿಮೀಟರಿಗೆ 3.7 ಕೆ.ಜಿ. ನಿಮ್ಮ ಪೈಪಿನ ಬಾಯಿ ಸುಮಾರು 8 ಚದರ ಸೆಂಟಿಮೀಟರ್. ಅಂದರೆ ಇಡೀ ರಾತ್ರಿ ಹತ್ತಿರ ಹತ್ತಿರ 30 ಕೆ.ಜಿ. ಬಲ ಎಲ್ಬೋವನ್ನು ಪೈಪಿನಿಂದ ಹೊರಗೆ ದೂಡುತ್ತಿರುತ್ತದೆ. ಸಿಪ್ಪೆ ಎಷ್ಟು ಹೊತ್ತು ತಡೆಯುತ್ತದೆ ಹೇಳಿ?

ನಾಪೋಕ್ಲು ತೋಟದಮನೆ

ಅಯ್ಯೋ, ಇದು ಮೊದಲೇ ಗೊತ್ತಿದ್ದರೆ ಅಕ್ಕಿ ಆದರೂ ಉಳಿಯುತ್ತಿತ್ತು. ಅಳತೆ ನೋಡಲು ನನ್ನ ಹತ್ತಿರ ವರ್ನಿಯರ್ ಇಲ್ಲ. ಅಂಗಡಿಗೆ ಹೋದಾಗ ಹೇಗೆ ಗುರುತಿಸಲಿ? ಅಂಗಡಿಯವರೇ ಎರಡಕ್ಕೂ ಒಂದಿಂಚು ಅಂತಾರಲ್ವಾ?

ಕುಶಾಲನಗರ ಪೈಪ್ ಕೆಲಸ

ಒಂದು ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಳ್ಳಿ. ಪೈಪಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಕೂಡುವ ಜಾಗದಲ್ಲಿ ಪೆನ್ನಿನಿಂದ ಗೀಟು ಹಾಕಿ. ಬಿಚ್ಚಿ ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ತೋಟದ ಒಂದಿಂಚಾದರೆ ಸುತ್ತಳತೆ ಹತ್ತು ಸೆಂಟಿಮೀಟರ್ ಚಿಲ್ಲರೆ ಬರುತ್ತದೆ, ಮನೆಯ ಒಂದಿಂಚಾದರೆ ಹತ್ತೂವರೆ. ಅಡ್ಡಳತೆಯಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸ ಸುತ್ತಳತೆಯಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಆಗಿ ಎದ್ದು ಕಾಣುತ್ತದೆ.

ಅದಕ್ಕಿಂತ ಮುಖ್ಯ, ಗಮ್ ಹಚ್ಚುವ ಮುಂಚೆ ಒಣಗಲೇ ತೂರಿಸಿ ನೋಡುವುದು. ಎಲ್ಬೋದ ಬಾಯಿ ಒಳಗೆ ಹೋಗುತ್ತಾ ಕಿರಿದಾಗುತ್ತದೆ. ಸರಿಯಾದ ಪೈಪ್ ಮೂರರಲ್ಲಿ ಒಂದು ಪಾಲಿನಿಂದ ಎರಡು ಪಾಲಿನ ಒಳಗೆ ಎಲ್ಲೋ ಬಿಗಿಯಾಗಿ ನಿಲ್ಲಬೇಕು. ಉಳಿದಷ್ಟು ದೂರ ಗಮ್ ಹಚ್ಚಿ ಮೆತ್ತಗಾದ ಮೇಲೆ ಮಾತ್ರ ಹೋಗಬೇಕು. ಒಣಗಿರುವಾಗಲೇ ಕೊನೆ ಮುಟ್ಟಿ ಅಲ್ಲಾಡಿದರೆ ಆ ಎರಡನ್ನೂ ಸೇರಿಸಬೇಡಿ, ಯಾರು ಏನೇ ಹೇಳಲಿ.

ಕಾಫಿ ಕಣ

ಅಳತೆ ವಿಷಯ ಒಪ್ಪಿದೆ. ಆದರೆ ನಾನು ಹೇಳಿದ ಹಾಗೆ ತುದಿ ಕಾಯಿಸಿ ಅಗಲ ಮಾಡಿದರೆ 1.4 ಮಿ.ಮೀ. ಏನು ದೊಡ್ಡದಲ್ಲ. ಹೊಸ ಪೈಪಿಗೆ ಯಾಕೆ ದುಡ್ಡು?

ಕುಶಾಲನಗರ ಪೈಪ್ ಕೆಲಸ

ಅಣ್ಣಾ, ಬೇಸರ ಮಾಡಿಕೊಳ್ಳಬೇಡಿ. ತೋಟದಲ್ಲಿ ಸೋರಿದರೆ ಗಿಡಕ್ಕೆ ಹೋಗುತ್ತದೆ, ಮನೆಯಲ್ಲಿ ಸೋರಿದರೆ ಗೋಡೆಗೆ ಹೋಗುತ್ತದೆ. ಬೆಂಕಿಗೆ ಹಿಡಿದು ಎಳೆದಾಗ ಆ ಜಾಗದ ಗೋಡೆ ತೆಳುವಾಗುತ್ತದೆ, ದುಂಡಗೂ ಉಳಿಯುವುದಿಲ್ಲ. ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಸಂದು ಹಾಗೇ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿದರೆ ಪ್ಲಾಸ್ಟಿಕ್ಕೇ ಸುಟ್ಟಿತು ಅಂತ ಅರ್ಥ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಒಲೆ ಪಕ್ಕ ಗಮ್ ಡಬ್ಬ ತೆರೆಯಲೇಬಾರದು. ಅದರ ಆವಿ ಬೆಂಕಿ ಹಿಡಿಯುವಂಥದ್ದು, ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ಒಲೆಯ ಕೆಂಡದವರೆಗೂ ಹೋಗುತ್ತದೆ. ಬೀಡಿ ಸೇದುತ್ತಾ ಕೆಲಸ ಮಾಡುವವರನ್ನು ನಾನು ನನ್ನ ಜೊತೆ ಇಟ್ಟುಕೊಳ್ಳುವುದಿಲ್ಲ. ಮುಚ್ಚಿದ ಬಚ್ಚಲಲ್ಲಿ ಮಾಡುವಾಗ ಕಿಟಕಿ ಬಾಗಿಲು ತೆಗೆದಿಡಿ, ತಲೆ ತಿರುಗುತ್ತದೆ.

ನೀವು ತೇವದ ಬಗ್ಗೆ ಹೇಳಿದ್ದು ನಿಜ. ನಾನೂ ಕಕ್ಕಡದಲ್ಲಿ ಅದಕ್ಕೇ ಹೆದರುವುದು. ಆದರೆ ಬಟ್ಟೆಯಿಂದ ಒರೆಸಿ, ಒಳಗೆ ಮನೆಯ ಗಾಳಿಯಲ್ಲಿ ಒಂದು ಗಂಟೆ ಇಟ್ಟು, ಮತ್ತೆ ಒರೆಸಿದರೆ ಸಾಕು.

ಕಾಫಿ ಕಣ

ಆವಿ ಮಾತು ಸರಿ, ಅದು ನನಗೆ ಹೊಳೆದಿರಲಿಲ್ಲ. ಒಲೆ ಬೇಡ. ಕಾಯಿಸುವ ವಿಷಯದಲ್ಲಿ ನನ್ನ ಅನುಭವ ನನ್ನದು, ತೋಟದಲ್ಲಿ ನಡೆದಿದೆ.

ಗೋಣಿಕೊಪ್ಪ ಹಾರ್ಡ್‌ವೇರ್

ನಾನು ಅಂಗಡಿಯವನು, ಬೈಸಿಕೊಳ್ಳುವವನೂ ನಾನೇ. ಗಿರಾಕಿ ಒಂದಿಂಚಿನ ಎಲ್ಬೋ ಕೊಡಿ ಅಂದಾಗ ಯಾವ ಪೈಪಿಗೆ ಅಂತ ನಾವು ಕೇಳಬೇಕು, ಎಷ್ಟೋ ಕಡೆ ಕೇಳುವುದಿಲ್ಲ. ಅಂಗಡಿಗೆ ಬರುವಾಗ ಪೈಪಿನ ಅರ್ಧ ಅಡಿ ತುಂಡು ಕೊಯ್ದು ತನ್ನಿ. ತುಂಡು ತಂದವರು ತಪ್ಪು ಸಾಮಾನು ತೆಗೆದುಕೊಂಡು ಹೋದದ್ದನ್ನು ನಾನು ನೋಡಿಲ್ಲ.

ಕ್ರೀಮ್ ಬಣ್ಣದ ಸಿಪಿವಿಸಿ ಮೂರನೇ ಥರ. ಅದಕ್ಕೆ ತಾಮ್ರದ ಪೈಪಿನ ಅಳತೆ, ಒಂದಿಂಚಿಗೆ ಹೊರಮೈ 28.6 ಮಿ.ಮೀ. ಅಷ್ಟೇ. ಅದು ಈ ಎರಡಕ್ಕೂ ಕೂಡುವುದಿಲ್ಲ. ಮೂರಕ್ಕೂ ಹೆಸರು ಮಾತ್ರ ಒಂದಿಂಚು.

ನನ್ನ ಮಟ್ಟಿಗೆ ಹೇಳುವುದಾದರೆ ಮನೆ ಒಳಗಿನ ಅಷ್ಟನ್ನೂ ಶೆಡ್ಯೂಲ್ 80 ಹಾಕಿಬಿಡಿ, ಚಿಂತೆ ಇರುವುದಿಲ್ಲ.

ಕುಶಾಲನಗರ ಪೈಪ್ ಕೆಲಸ

ತುಂಡು ತರುವ ಮಾತು ಚಿನ್ನದಂಥದ್ದು. ಶೆಡ್ಯೂಲ್ 80 ಮಾತು ಅರ್ಧ ಒಪ್ಪುತ್ತೇನೆ. 40ಕ್ಕೂ 80ಕ್ಕೂ ಹೊರಮೈ ಒಂದೇ, 80ರ ಗೋಡೆ ದಪ್ಪ, ಆದ್ದರಿಂದ ಒಳಗಿನ ದಾರಿ ಕಿರಿದು. ನಾಲ್ಕು ಕೆ.ಜಿ. ಒತ್ತಡಕ್ಕೆ ಶೆಡ್ಯೂಲ್ 40 ಒಂದಿಂಚು ಬೇಕಾದಷ್ಟು ತಡೆಯುತ್ತದೆ. ಪೈಪಿನ ಮೇಲೇ ಮರೆ, ಅಂದರೆ ತಿರುಪಿನ ಗೆರೆ, ಹಾಕಬೇಕಾದರೆ ಮಾತ್ರ 80 ಬೇಕೇ ಬೇಕು. 40ರ ಪೈಪಿಗೆ ಮರೆ ಕೊಯ್ದರೆ ಉಳಿಯುವ ಗೋಡೆ ಕಾಗದದಷ್ಟು. ನಾನು ಮನೆಗಳಲ್ಲಿ ಗೋಡೆ ಒಳಗೆ ಹೂಳುವ ಲೈನಿಗೆ 80 ಹಾಕುತ್ತೇನೆ, ಹೊರಗೆ ಕಾಣುವ ಲೈನಿಗೆ 40. ಹೂತದ್ದನ್ನು ಮತ್ತೆ ತೆಗೆಯಲು ಗೋಡೆ ಒಡೆಯಬೇಕಲ್ಲ, ಅದಕ್ಕೆ.

ಸೋಮವಾರಪೇಟೆ ಹೋಂಸ್ಟೇ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ನಮ್ಮದೂ ಪೈಪಿನದ್ದೇ ಗೋಳು. ಮೂರು ರೂಮಿನ ಬಚ್ಚಲಿಗೆ ಸೌದೆ ಬಾಯ್ಲರಿನಿಂದ ಬಿಸಿನೀರು ಹೋಗುತ್ತದೆ. ಕೆಲಸದವರು ಬಿಳಿ ಯುಪಿವಿಸಿಯನ್ನೇ ಎಳೆದಿದ್ದರು. ಮೂರು ತಿಂಗಳಲ್ಲಿ ಪೈಪ್ ಎರಡು ಕ್ಲಾಂಪಿನ ಮಧ್ಯೆ ತೊಟ್ಟಿಲ ಥರ ಜೋತುಬಿದ್ದಿದೆ, ಟೀ ಹತ್ತಿರ ಸೋರುತ್ತಿದೆ. ಶೆಡ್ಯೂಲ್ 80 ಹಾಕಿದರೆ ತಡೆಯುತ್ತದಾ?

ಕುಶಾಲನಗರ ಪೈಪ್ ಕೆಲಸ

ತಡೆಯುವುದಿಲ್ಲ. ಯುಪಿವಿಸಿ ಎಷ್ಟೇ ದಪ್ಪ ಇದ್ದರೂ ಬಿಸಿನೀರಿಗೆ ಅಲ್ಲ. 45 ಡಿಗ್ರಿ ದಾಟಿದರೆ ಅದರ ಮೇಲೆ ನಂಬಿಕೆ ಇಡಬೇಡಿ. ಬಿಸಿನೀರಿಗೆ ಸಿಪಿವಿಸಿ, ಐಎಸ್ 15778, ಎಸ್‌ಡಿಆರ್ 11 ಅಂತ ಅಚ್ಚಿರುವುದನ್ನು ಕೇಳಿ. 13.5 ಅಂದರೆ ಗೋಡೆ ತೆಳು. ಈ ಸಂಖ್ಯೆ ಕಮ್ಮಿ ಆದಷ್ಟೂ ಪೈಪ್ ದಪ್ಪ, ಶೆಡ್ಯೂಲಿಗೆ ತದ್ವಿರುದ್ಧ. ಗಮ್ಮೂ ಸಿಪಿವಿಸಿಯದ್ದೇ ಆಗಬೇಕು, ಸಾಮಾನ್ಯವಾಗಿ ಹಳದಿ ಬಣ್ಣ.

ಆದರೆ ನಿಮ್ಮದು ಸೌದೆ ಬಾಯ್ಲರ್, ಅದು ಮುಖ್ಯ. ಗೀಸರಿಗೆ ಥರ್ಮೋಸ್ಟಾಟ್ ಇರುತ್ತದೆ. ಒಲೆಗೆ ಅದಿಲ್ಲ, ಅತಿಥಿಗಳು ಬರುತ್ತಾರೆ ಅಂತ ನಾಲ್ಕು ಕೊರಡು ಜಾಸ್ತಿ ತುರುಕಿದರೆ ನೀರು ಕುದಿಯುತ್ತದೆ. ಸಿಪಿವಿಸಿಗೂ ಮಿತಿ 93 ಡಿಗ್ರಿ. 82 ಡಿಗ್ರಿಯಲ್ಲಿ ಅದು ತಾಳುವ ಒತ್ತಡ ತಣ್ಣೀರಿನಲ್ಲಿ ತಾಳುವುದರ ಕಾಲು ಭಾಗ ಅಷ್ಟೇ. ಆದ್ದರಿಂದ ಬಾಯ್ಲರಿನಿಂದ ಹೊರಬರುವ ಮೊದಲ ಮೂರು ನಾಲ್ಕು ಅಡಿ ಜಿಐ ಅಥವಾ ತಾಮ್ರ ಇರಲಿ, ಆಮೇಲೆ ಸಿಪಿವಿಸಿ. ಬಾಯ್ಲರಿನ ಗಾಳಿ ಪೈಪ್ ಮೇಲಕ್ಕೆ ತೆರೆದೇ ಇರಬೇಕು. ಹಬೆ ಬರುತ್ತದೆ ಅಂತ ಅದಕ್ಕೆ ಯಾರಾದರೂ ಬಟ್ಟೆ ಸುತ್ತಿದ್ದರೆ ಇವತ್ತೇ ತೆಗೆಸಿ.

ಸಿಪಿವಿಸಿ ಬಿಸಿಗೆ ಉದ್ದ ಆಗುತ್ತದೆ. ಹತ್ತು ಮೀಟರ್ ನೇರ ಲೈನ್ 40 ಡಿಗ್ರಿ ಏರಿದರೆ ಸುಮಾರು ಎರಡೂವರೆ ಸೆಂಟಿಮೀಟರ್. ಕ್ಲಾಂಪ್ ಗಟ್ಟಿಯಾಗಿ ಕಚ್ಚಿ ಹಿಡಿದಿದ್ದರೆ ಅದು ಎಲ್ಬೋ ಮೇಲೆ ತಿರುಚುತ್ತದೆ. ಪೈಪ್ ಸರಿದಾಡುವ ಹಾಗೆ ಕ್ಲಾಂಪ್ ಹಾಕಿ, ಮಧ್ಯೆ ಒಂದು ಯು ತಿರುವು ಕೊಡಿ.

ಸೋಮವಾರಪೇಟೆ ಹೋಂಸ್ಟೇ

ಗಾಳಿ ಪೈಪಿಗೆ ನಿಜವಾಗಲೂ ಬಟ್ಟೆ ಸುತ್ತಿದ್ದರು. ಈಗಲೇ ತೆಗೆಸಿದೆ. ಉಳಿದದ್ದು ಬೇರೆ ಮಾತಾಡೋಣ, ಅಕ್ಕನ ಪ್ರಶ್ನೆ ಮುಂದುವರಿಯಲಿ.

ನಾಪೋಕ್ಲು ತೋಟದಮನೆ

ಯಜಮಾನರು ಬಿಳಿ ಪೈಪ್ ತರಲು ಹೊರಟಿದ್ದಾರೆ. ಗುಡ್ಡದಿಂದ ಮನೆ ಗೋಡೆಯವರೆಗಿನ ಲೈನ್ ಬೂದು 32ರದ್ದೇ. ಅದಕ್ಕೂ ಬಿಳಿ ಪೈಪಿಗೂ ಹೇಗೆ ಸೇರಿಸಲಿ? ಅಲ್ಲೂ ಸಂದು ಬರುತ್ತದಲ್ವಾ?

ಕುಶಾಲನಗರ ಪೈಪ್ ಕೆಲಸ

ಅಲ್ಲಿ ಗಮ್ಮಿನಿಂದ ಸೇರಿಸಬೇಡಿ, ಮರೆಯಿಂದ ಸೇರಿಸಿ. ಒಂದಿಂಚಿನ ಹಿತ್ತಾಳೆ ಬಾಲ್ ವಾಲ್ವ್ ತನ್ನಿ. ಬೂದು ಪೈಪಿಗೆ ತೋಟದ 32ರ ಎಂಟಿಎ, ಅಂದರೆ ಒಂದು ಕಡೆ ಹೊರ ಮರೆ ಇರುವ ತುಂಡನ್ನು, ಗಮ್ ಹಾಕಿ ಕೂರಿಸಿ, ಬಿಳಿ ಪೈಪಿಗೆ ಪ್ಲಂಬಿಂಗಿನ ಒಂದಿಂಚಿನ ಎಂಟಿಎ ಗಮ್ ಹಾಕಿ. ಎರಡರ ಮರೆಯೂ ಒಂದೇ ಒಂದಿಂಚು, ವಾಲ್ವಿನ ಎರಡು ಬಾಯಿಗೆ ಎರಡೂ ಕೂರುತ್ತವೆ. ಮನೆ ಹಿಂದೆ ನೀರು ಬಂದ್ ಮಾಡಲು ಒಂದು ಕೀಲಿಯೂ ಆಯಿತು. ಬಿಳಿ ಕಡೆ ಒಂದು ಯೂನಿಯನ್ ಹಾಕಿಕೊಂಡರೆ ಮುಂದೆ ಬಿಚ್ಚಲು ಸುಲಭ.

ಪ್ಲಾಸ್ಟಿಕ್ಕಿನ ಹೊರ ಮರೆ ಲೋಹದ ಒಳಗೆ ಹೋಗಬಹುದು. ಲೋಹದ ನಲ್ಲಿಯನ್ನು ಬರೀ ಪ್ಲಾಸ್ಟಿಕ್ಕಿನ ಒಳ ಮರೆಗೆ ತಿರುಗಿಸಬಾರದು, ಬಿಗಿ ಮಾಡಿದಾಗ ಬಿರಿಯುತ್ತದೆ. ಸಿಂಕಿನ ನಲ್ಲಿ ಹತ್ತಿರ ಒಳಗೆ ಹಿತ್ತಾಳೆ ಇರುವ ಎಲ್ಬೋ ತನ್ನಿ. ಟೆಫ್ಲಾನ್ ಟೇಪ್ ಮರೆ ತಿರುಗುವ ದಿಕ್ಕಿಗೇ ಸುತ್ತಿ. ಕೈಯಿಂದ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಿಂದ ಒಂದು ಸುತ್ತು, ಜಾಸ್ತಿ ಅಂದರೆ ಒಂದೂವರೆ. ಜಿಐಗೆ ಹಾಕುವ ಸೆಣಬು, ಪೇಂಟ್ ಇದಕ್ಕೆ ಬೇಡ.

ಜಾಯಿಂಟ್ ಮಾಡುವುದು ಹೀಗೆ. ಪೈಪನ್ನು ನೇರವಾಗಿ ಕೊಯ್ಯಿರಿ. ಒಂದು ಕಾಗದ ಸುತ್ತಿ ಅದರ ಅಂಚಿಗೆ ಗೀಟು ಹಾಕಿಕೊಂಡರೆ ಗರಗಸ ಓರೆ ಹೋಗುವುದಿಲ್ಲ. ಒಳಗೆ ಹೊರಗೆ ಎದ್ದ ಚೂರುಗಳನ್ನು ಚಾಕುವಿನಿಂದ ಕೆರೆದು, ಹೊರ ಅಂಚನ್ನು ಸ್ವಲ್ಪ ಓರೆ ಮಾಡಿ. ಇಲ್ಲದಿದ್ದರೆ ಚೂಪಾದ ಅಂಚು ಎಲ್ಬೋ ಒಳಗಿನ ಗಮ್ಮನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ಎಲ್ಬೋ ಎಷ್ಟು ಆಳ ಇದೆ ಅಂತ ಅಳೆದು ಪೈಪಿನ ಮೇಲೆ ಪೆನ್ಸಿಲ್ ಗೀಟು ಹಾಕಿ. ಎರಡನ್ನೂ ಒರೆಸಿ. ಪೈಪಿಗೆ ಗೀಟಿನವರೆಗೆ ಸುತ್ತ ಸಮವಾಗಿ ಗಮ್ ಹಚ್ಚಿ, ಎಲ್ಬೋ ಒಳಗೆ ತೆಳುವಾಗಿ ಹಚ್ಚಿ. ಒದ್ದೆ ಇರುವಾಗಲೇ ತೂರಿಸುತ್ತಾ ಕಾಲು ಸುತ್ತು ತಿರುಗಿಸಿ, ಗೀಟು ಮುಟ್ಟಿದ ಮೇಲೆ 30 ಸೆಕೆಂಡ್ ಬಿಗಿಯಾಗಿ ಒತ್ತಿ ಹಿಡಿಯಿರಿ. ಇದನ್ನು ಎಲ್ಲರೂ ಬಿಡುತ್ತಾರೆ. ಎಲ್ಬೋ ಒಳಗೆ ಕಿರಿದಾಗಿರುವುದರಿಂದ ಕೈ ಬಿಟ್ಟರೆ ಪೈಪ್ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಗೀಟಿನ ಕಡೆ ಕಣ್ಣಿಟ್ಟರೆ ಗೊತ್ತಾಗುತ್ತದೆ.

ಬಾಯಿಯ ಸುತ್ತ ಗಮ್ಮಿನ ಸಣ್ಣ ಉಂಗುರ ಎಲ್ಲೂ ಕಡಿಯದೆ ಕಾಣಬೇಕು. ಒಂದು ಕಡೆ ಕಡಿದಿದ್ದರೆ ಅಲ್ಲಿ ಗಮ್ ಸಾಲಲಿಲ್ಲ. ಜಾಸ್ತಿ ಇದ್ದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಡಬ್ಬದ ಗಮ್ ಜೆಲ್ಲಿ ಥರ ಆಗಿದ್ದರೆ ಎಸೆಯಿರಿ, ಥಿನ್ನರ್ ಬೆರೆಸಬೇಡಿ.

ಗೋಣಿಕೊಪ್ಪ ಹಾರ್ಡ್‌ವೇರ್

ಪ್ರೈಮರ್ ಹೇಳಲಿಲ್ಲ ನೀವು.

ಕುಶಾಲನಗರ ಪೈಪ್ ಕೆಲಸ

ಡಬ್ಬದ ಮೇಲೆ ಪ್ರೈಮರ್ ಬೇಕು ಅಂತಿದ್ದರೆ ಹಾಕಲೇಬೇಕು. ನಾನು ಸಣ್ಣ ಪೈಪಿಗೆ ಬಳಸುವ ಗಮ್ಮಿಗೆ ಬೇಡ ಅಂತ ಬರೆದಿದೆ, ಹಾಕುವುದಿಲ್ಲ.

ಗೋಣಿಕೊಪ್ಪ ಹಾರ್ಡ್‌ವೇರ್

ಬೇಡ ಅಂತ ಬರೆದಿರಲಿ. ವರ್ಷಗಟ್ಟಲೆ ಅಟ್ಟದಲ್ಲಿ ಧೂಳು ತಿಂದ ಪೈಪ್, ಸಾಲದ್ದಕ್ಕೆ ಈ ಥಂಡಿ. ಪ್ರೈಮರ್ ಮೇಲ್ಮೈಯನ್ನು ಮೊದಲೇ ಮೆತ್ತಗೆ ಮಾಡುತ್ತದೆ, ಜಿಡ್ಡೂ ಹೋಗುತ್ತದೆ. ನಾನಾದರೆ ಮಳೆಗಾಲದಲ್ಲಿ ಬಿಡುವುದಿಲ್ಲ.

ಕುಶಾಲನಗರ ಪೈಪ್ ಕೆಲಸ

ಹಾಕಿದರೆ ನಷ್ಟ ಇಲ್ಲ. ಹಾಕದೆ ಮಾಡಿದ್ದೂ ನನ್ನ ಕೈಯಲ್ಲಿ ನಿಂತಿದೆ. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ.

ನೀರು ಬಿಡುವ ಹೊತ್ತಿನ ಬಗ್ಗೆ ಮಾತ್ರ ರಾಜಿ ಬೇಡ. ಐದು ನಿಮಿಷಕ್ಕೆ ಕೈಗೆ ಗಟ್ಟಿ ಅನ್ನಿಸುತ್ತದೆ, ಅದು ಮುಟ್ಟಬಹುದು ಅನ್ನುವ ಗಟ್ಟಿ. ಒತ್ತಡಕ್ಕೆ ಗಟ್ಟಿಯಾಗುವುದು ದ್ರವ ಹಾರಿದ ಮೇಲೆ. ಥಂಡಿ ಹವೆಯಲ್ಲಿ ಡಬ್ಬದ ಮೇಲಿನ ಹೊತ್ತಿಗೆ ಅರ್ಧ ಪಟ್ಟು ಸೇರಿಸಿ. ನಾನು ಬೇಸಿಗೆಯಲ್ಲಿ 24 ಗಂಟೆ ಬಿಡುತ್ತೇನೆ, ಈಗಾದರೆ 36. ಆಮೇಲೆ ಸಿಂಕಿನ ನಲ್ಲಿ ತೆರೆದಿಟ್ಟು ವಾಲ್ವನ್ನು ಮೆಲ್ಲಗೆ ಬಿಡಿ, ಗಾಳಿ ಎಲ್ಲ ಹೋಗಲಿ, ಕೊನೆಗೆ ನಲ್ಲಿ ಬಂದ್ ಮಾಡಿ.

ನಾಪೋಕ್ಲು ತೋಟದಮನೆ

ಒಂದು ಅಡ್ಡಿ ಬಂದಿದೆ. ಟ್ಯಾಂಕಿನ ಹತ್ತಿರದ ಗೇಟ್ ವಾಲ್ವ್ ಪೂರ್ತಿ ಬಂದ್ ಆಗುವುದಿಲ್ಲ. ಬೂದು ಪೈಪಿನ ಬಾಯಿಯಿಂದ ದಾರದಷ್ಟು ನೀರು ಇಳಿಯುತ್ತಲೇ ಇದೆ. ಒರೆಸಿದರೆ ಮತ್ತೆ ಒದ್ದೆ.

ಕಾಫಿ ಕಣ

ಇದಕ್ಕೆ ನನ್ನ ಹತ್ತಿರ ಉಪಾಯ ಇದೆ. ಬ್ರೆಡ್ಡಿನ ಮೆತ್ತನೆ ಭಾಗ ಉಂಡೆ ಮಾಡಿ ಪೈಪ್ ಒಳಗೆ ಒಂದು ಗೇಣು ದೂರ ತಳ್ಳಿ. ನೀರು ಅದರ ಹಿಂದೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ಒರೆಸಿ ಗಮ್ ಹಾಕಿಬಿಡಬಹುದು. ಆಮೇಲೆ ಕರಗಿ ಹೋಗುತ್ತದೆ. ಅಂಚಿನ ಸಿಪ್ಪೆ ಹಾಕಬೇಡಿ, ಅದು ಕರಗುವುದಿಲ್ಲ.

ಕುಶಾಲನಗರ ಪೈಪ್ ಕೆಲಸ

ಇದನ್ನು ನಾನೂ ಮಾಡುತ್ತೇನೆ, ಒಳ್ಳೆಯ ಉಪಾಯ. ಆದರೆ ಬ್ರೆಡ್ 36 ಗಂಟೆ ತಡೆಯುವುದಿಲ್ಲ. ಆದ್ದರಿಂದ ಎಂಟಿಎ ಗಮ್ ಹಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ವಾಲ್ವ್ ತಿರುಗಿಸಿ ಅದನ್ನು ತೆರೆದೇ ಬಿಡಿ. ಇಳಿಯುವ ನೀರು ಬಕೆಟಿಗೆ ಬೀಳಲಿ, ಹಿಂದೆ ಒತ್ತಡ ಕಟ್ಟಬಾರದು. ಬಿಳಿ ಲೈನನ್ನು ಬೇರೆಯಾಗಿ ಒಳಗೆ ಒಣಗಿಸಿ, ಕೊನೆಗೆ ಯೂನಿಯನ್ನಿನಲ್ಲಿ ಸೇರಿಸಿ. ಮೊದಲ ಸಲ ನೀರು ಬಿಡುವಾಗ ನಲ್ಲಿಯ ಜಾಲರಿ ಬಿಚ್ಚಿಡಿ, ಬ್ರೆಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಅಕ್ಕ, ನನ್ನ ತಲೆಯಲ್ಲಿ ಇನ್ನೊಂದು ಕೊರೆಯುತ್ತಿದೆ. ನಿಮ್ಮ ಬೂದು ಪೈಪ್ ಕ್ಲಾಸ್ 2. ಅದು 4 ಕೆ.ಜಿ. ಪೈಪ್. ಗುಡ್ಡದಿಂದ ಇಳಿಯುವ ಲೈನಿಗೂ ಅದನ್ನೇ ಹಾಕಿದ್ದೀರಾ?

ನಾಪೋಕ್ಲು ತೋಟದಮನೆ

ಹೌದು, ಕೆಳಗಿನ ಭಾಗ ಎಲ್ಲ ಅದೇ. ಮೇಲಿನದ್ದು ಯಾವುದು ಅಂತ ಅಚ್ಚು ಅಳಿಸಿಹೋಗಿದೆ.

ಕುಶಾಲನಗರ ಪೈಪ್ ಕೆಲಸ

3.7 ಕೆ.ಜಿ. ನಿಂತ ನೀರಿನ ಒತ್ತಡ ಅಷ್ಟೇ. ಬಾಲ್ ವಾಲ್ವನ್ನು ಟಕ್ಕನೆ ಬಂದ್ ಮಾಡಿದರೆ ಹರಿಯುತ್ತಿದ್ದ ನೀರು ಗುದ್ದುತ್ತದೆ, ಆ ಕ್ಷಣಕ್ಕೆ 4 ಸುಲಭವಾಗಿ ದಾಟುತ್ತದೆ. ಬಿಸಿಲಿಗೆ ಬಿದ್ದ ಭಾಗದಲ್ಲಿ ಪೈಪಿನ ಬಲವೂ ಕಮ್ಮಿ. ಕೆಳಗಿನ ಅರ್ಧ ಲೈನನ್ನು ಕ್ಲಾಸ್ 3, ಅಂದರೆ 6 ಕೆ.ಜಿ. ಪೈಪಿಗೆ ಬದಲಾಯಿಸಿ, ಮಣ್ಣಿನೊಳಗೆ ಹೂಳಿ. ಅಲ್ಲಿಯವರೆಗೆ ವಾಲ್ವ್ ಮೆಲ್ಲಗೆ ತಿರುಗಿಸಿ.

ಗೋಣಿಕೊಪ್ಪ ಹಾರ್ಡ್‌ವೇರ್

ಪೈಪ್ ಮಾರುವವನು ನಾನು, ಆದರೂ ಹೇಳುತ್ತೇನೆ, ಪೈಪ್ ಬದಲಾಯಿಸುವುದು ಬೇಡ. ಗುಡ್ಡದ ಮಧ್ಯೆ 200 ಲೀಟರಿನ ಒಂದು ಸಣ್ಣ ಟ್ಯಾಂಕ್ ಇಟ್ಟು ಫ್ಲೋಟ್ ವಾಲ್ವ್ ಹಾಕಿ. ಒತ್ತಡ ಅಲ್ಲಿಗೆ ಸೊನ್ನೆಯಾಗಿ ಮತ್ತೆ ಅಲ್ಲಿಂದ ಶುರುವಾಗುತ್ತದೆ. ಮನೆಗೆ ಅರ್ಧ ಒತ್ತಡ ಮಾತ್ರ ಬರುತ್ತದೆ. ನಲ್ಲಿಗಳಿಗೂ ಒಳ್ಳೆಯದು.

ಕುಶಾಲನಗರ ಪೈಪ್ ಕೆಲಸ

ಫ್ಲೋಟ್ ವಾಲ್ವಿಗೆ ಎಲೆ, ಕಸ ಸಿಕ್ಕಿಕೊಂಡು ನಿಂತರೆ ಈ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತುವವರು ಯಾರು? ಒರತೆ ನೀರಿನಲ್ಲಿ ಕಸ ಬಂದೇ ಬರುತ್ತದೆ. ನಾನು ಪೈಪಿನ ಕಡೆಗೇ.

ನಾಪೋಕ್ಲು ತೋಟದಮನೆ

ಇಬ್ಬರ ಮಾತನ್ನೂ ಮಾವನಿಗೆ ಓದಿ ಹೇಳಿದೆ. ಅವರಿಗೆ ಟ್ಯಾಂಕ್ ಇಷ್ಟ, ನಮ್ಮ ಯಜಮಾನರಿಗೆ ಪೈಪ್. ಮಳೆ ನಿಂತ ಮೇಲೆ ನೋಡೋಣ ಅಂದಿದ್ದಾರೆ.

ಅಡುಗೆಮನೆ ಕೆಲಸ ಮುಗಿಯಿತು. ಕಾಗದ ಸುತ್ತಿ ಅಳೆದೆ, ಬೂದು 10.1, ಬಿಳಿ 10.5 ಸೆಂ.ಮೀ. ಬಿಳಿ ಪೈಪ್ ಹೊಸ ಎಲ್ಬೋದಲ್ಲಿ ಅರ್ಧಕ್ಕೆ ಗಟ್ಟಿಯಾಗಿ ನಿಂತಿತು, ಅಷ್ಟು ದಿನ ನಾವು ಮಾಡಿದ್ದು ಎಂಥ ತಪ್ಪು ಅಂತ ಕೈಗೇ ಗೊತ್ತಾಯಿತು. ಗಮ್ ಹಾಕಿ ತೂರಿಸಿ ನಾನು ಕೈ ಬಿಡಲು ಹೊರಟಾಗ ಗೀಟು ಎರಡು ಮಿಲಿಮೀಟರ್ ಹೊರಗೆ ಬಂದದ್ದು ಕಣ್ಣಾರೆ ಕಂಡೆ. ಮತ್ತೆ ಒತ್ತಿ ಮೂವತ್ತು ಎಣಿಸಿದೆ. ಪ್ರೈಮರ್ ಹಾಕಲಿಲ್ಲ, ಅಂಗಡಿಯಲ್ಲಿ ಇರಲಿಲ್ಲ.

ನಲವತ್ತು ಗಂಟೆ ಬಿಟ್ಟು ನೀರು ಬಿಟ್ಟೆವು. ಸಿಂಕಿನ ಹತ್ತಿರ ಮೀಟರ್ ಕೂರಿಸಿ ನೋಡಿದರು ಯಜಮಾನರು, ಎಲ್ಲ ನಲ್ಲಿ ಬಂದ್ ಮಾಡಿದಾಗ 3.6 ತೋರಿಸಿತು. ಒಂಬತ್ತು ರಾತ್ರಿ ಕಳೆದಿದೆ. ಎಲ್ಬೋ ಕೆಳಗೆ ಹಳೇ ಪೇಪರ್ ಹಾಸಿದ್ದೇನೆ, ಬೆಳಿಗ್ಗೆ ಎದ್ದು ಮೊದಲು ಅದನ್ನೇ ಮುಟ್ಟಿ ನೋಡುತ್ತೇನೆ. ಇವತ್ತೂ ಒಣಗಿತ್ತು.

ಪೊನ್ನಂಪೇಟೆ ಬೋರ್

ಈಗ ಅರ್ಥವಾಯಿತು ನಿಮ್ಮ ಪ್ರಶ್ನೆ. ಇದನ್ನು ಓದಿ ನಮ್ಮ ಮನೆಯ ಪೈಪಿಗೂ ಕಾಗದ ಸುತ್ತಿ ನೋಡಿದೆ. ಬಚ್ಚಲಿನ ಮುಕ್ಕಾಲಿಂಚು ಬೂದು ಪೈಪ್ 7.9 ಸೆಂ.ಮೀ. ಬಂತು, ಎಲ್ಬೋ ಬಿಳಿ. ನಾಲ್ಕು ವರ್ಷದಿಂದ ಸೋರಿಲ್ಲ, ಆದರೆ ಪ್ರೆಷರ್ ಪಂಪ್ ಹಾಕಿ ಈಗ ಎರಡೇ ತಿಂಗಳು. ಬಿಚ್ಚಿಸಬೇಕಾ?

ಕುಶಾಲನಗರ ಪೈಪ್ ಕೆಲಸ

25ರ ಪೈಪ್ ಅಂತ ಲೆಕ್ಕ. ಪಂಪ್ ಎಷ್ಟು ಕೆ.ಜಿ.ಗೆ ನಿಲ್ಲುತ್ತದೆ, ಎಲ್ಬೋ ಮೇಲೆ ಏನು ಅಚ್ಚಿದೆ, ಎರಡನ್ನೂ ಹೇಳಿ. ಹೇಳುವವರೆಗೆ ರಾತ್ರಿ ಪಂಪಿನ ಸ್ವಿಚ್ ಆರಿಸಿ ಮಲಗಿ.